ಹದಿನಾಲ್ಕು ಕುರ್ತಾ, ಒಂದೇ ಬಿಳಿ ಪ್ಯಾಂಟು

ಬೆಂಗಳೂರಿನ ಒಬ್ಬ ಸ್ಟೈಲಿಸ್ಟ್ ತನ್ನ ಗ್ರಾಹಕಿಗೆ ಬರೆದ ಪತ್ರ ಶುರುವಾಗುವುದು ಬಟ್ಟೆಯ ಎಣಿಕೆಯಿಂದ. ಬ್ಯಾಂಕಿನಲ್ಲಿ ಕೆಲಸ ಮಾಡುವ ಆ ಗ್ರಾಹಕಿಯ ಬೀರುವಿನಲ್ಲಿ ಹದಿನಾಲ್ಕು ಕುರ್ತಾಗಳಿದ್ದವು: ರಾಣಿ ಪಿಂಕ್, ನವಿಲು ನೀಲಿ, ನೇರಳೆ, ಸಾಸಿವೆ ಹಳದಿ, ಕುಂಕುಮ ಕೆಂಪು, ಹೀಗೆ. ಪ್ಯಾಂಟು ನಾಲ್ಕು: ಗಿಳಿ ಹಸಿರು, ಕಿತ್ತಳೆ, ರಾಣಿ ಪಿಂಕ್ ಮತ್ತು ಬಿಳಿ. ಲೆಕ್ಕಕ್ಕೆ ಐವತ್ತಾರು ಜೋಡಿ. ಆದರೆ ಬಿಳಿಯ ಪ್ಯಾಂಟೊಂದೇ ದಿನವೂ ಹೊರಬೀಳುತ್ತಿತ್ತು, ಅದರ ಅಂಚು ಆಗಲೇ ಬೂದಿ ಬಣ್ಣಕ್ಕೆ ತಿರುಗಿತ್ತು.

“ಮೇಡಂ, ನಿಮ್ಮ ಆಯ್ಕೆ ಕೆಟ್ಟದ್ದಲ್ಲ. ಒಂದೊಂದು ಬಟ್ಟೆಯನ್ನೂ ಒಂಟಿಯಾಗಿ ನೋಡಿ ತಂದಿದ್ದೀರಿ, ಅಷ್ಟೆ” ಎಂದು ಪತ್ರ ಹೇಳುತ್ತದೆ. ಅಂಗಡಿಯ ಗೊಂಬೆಯ ಮೇಲೆ ಗಿಳಿ ಹಸಿರು ಚೆಂದವೇ. ಮನೆಗೆ ಬಂದು ರಾಣಿ ಪಿಂಕಿನ ಪಕ್ಕ ನಿಂತಾಗ ಕಣ್ಣು ಕುಕ್ಕುತ್ತದೆ.

ಇದರ ಕಾರಣವನ್ನು ಹುಡುಕಿದವರು ಬಟ್ಟೆ ನೇಯಿಸುವವರೇ. ಪ್ಯಾರಿಸ್‌ನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥನಾಗಿದ್ದ ರಸಾಯನಶಾಸ್ತ್ರಜ್ಞ ಮಿಷೆಲ್ ಯೂಜೀನ್ ಶೆವ್ರಲ್‌ಗೆ, ಕಪ್ಪು ದಾರಕ್ಕೆ ಗಾಢತೆ ಇಲ್ಲ ಎಂಬ ದೂರು ಬಂತು. ಬೇರೆ ಕಡೆಯ ಕಪ್ಪಿನ ಜೊತೆ ಹೋಲಿಸಿ ನೋಡಿದಾಗ ಬಣ್ಣದಲ್ಲಿ ದೋಷವಿರಲಿಲ್ಲ. ಪಕ್ಕದಲ್ಲಿದ್ದ ನೀಲಿ, ನೇರಳೆ ದಾರಗಳಿಂದಾಗಿ ಕಪ್ಪು ಪೇಲವವಾಗಿ ಕಾಣುತ್ತಿತ್ತು. 1839ರಲ್ಲಿ ಅವನು ಇದನ್ನೇ ದೊಡ್ಡ ಪುಸ್ತಕವಾಗಿ ಪ್ರಕಟಿಸಿದ. ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಬದಲಿಸುತ್ತವೆ. ಕೆಂಪು ಮತ್ತು ಹಸಿರಿನಂಥ ಎದುರಾಳಿಗಳು ಒಂದನ್ನೊಂದು ಇನ್ನಷ್ಟು ಉರಿಸುತ್ತವೆ.

ಎರಡೂ ಬಣ್ಣಗಳ ಕಡುತನ ಸಮಸಮವಾಗಿದ್ದರಂತೂ ಗಡಿಯಲ್ಲಿ ಕಣ್ಣು ನಿಲ್ಲುವುದೇ ಇಲ್ಲ. ಇದನ್ನು ಪರೀಕ್ಷಿಸಲು ಪತ್ರ ಸುಲಭದ ದಾರಿ ಕೊಡುತ್ತದೆ. ಬೆಳಗಿನ ಬೆಳಕಿನಲ್ಲಿ ಕುರ್ತಾ ಮತ್ತು ಪ್ಯಾಂಟನ್ನು ಹಾಸಿಗೆಯ ಮೇಲೆ ಒತ್ತಾಗಿ ಹರವಿ, ಫೋನಿನಲ್ಲಿ ಒಂದೇ ಚಿತ್ರ ತೆಗೆದು, ಕಪ್ಪು–ಬಿಳುಪಿಗೆ ತಿರುಗಿಸಬೇಕು. ಎರಡೂ ಒಂದೇ ಬೂದಿಯಾಗಿ ಕಂಡರೆ ಆ ಜೋಡಿ ಮೈಮೇಲೆ ಗದ್ದಲ ಮಾಡುವ ಸಂಭವ ಹೆಚ್ಚು. ಒಂದು ತೆಳು, ಇನ್ನೊಂದು ಗಾಢವಾಗಿ ಬಂದರೆ ಕೂಡಿ ಬರಬಹುದು. ಎರಡು ಬೇರೆ ಚಿತ್ರ ತೆಗೆದು ಹೋಲಿಸಿದರೆ ಕೆಲಸಕ್ಕೆ ಬಾರದು. ಕ್ಯಾಮೆರಾ ಪ್ರತಿ ಸಲವೂ ಬೆಳಕನ್ನು ತಾನೇ ಸರಿಪಡಿಸಿಕೊಳ್ಳುತ್ತದೆ.

ಹಾಗಾದರೆ ಗಾಢ ಬಣ್ಣಗಳನ್ನೇ ಬಿಡಬೇಕೆ? ಬೇಡ ಎನ್ನಲು ಸ್ಟೈಲಿಸ್ಟ್ ಗ್ರಾಹಕಿಯ ಅಮ್ಮನ ಇಳಕಲ್ ಸೀರೆಯನ್ನು ಉದಾಹರಿಸುತ್ತಾರೆ. ಕಡುನೀಲಿ ಮೈ, ಕೆಂಪು ದಡಿ, ಕೆಂಪು ಸೆರಗಿನಲ್ಲಿ ಬಿಳಿಯ ತೋಪು ತೆನೆ. ಗಾಢ ಬಣ್ಣವೇ, ಆದರೂ ಒಡಕಿಲ್ಲ. ಮೈಯ ಪಾಲು ದೊಡ್ಡದು, ಅದು ಕಡು ಮತ್ತು ಶಾಂತ. ಕೆಂಪಿನ ಪಾಲು ಚಿಕ್ಕದು, ಅದು ದಡಿಯಲ್ಲೊಮ್ಮೆ, ಸೆರಗಿನಲ್ಲೊಮ್ಮೆ ಮರಳಿ ಬರುತ್ತದೆ. ಸೆರಗಿಗೂ ದಡಿಗೂ ಹೊಂದುವ ಗುಳೇದಗುಡ್ಡದ ಖಣದ ಕುಪ್ಪಸ ತೊಟ್ಟರೆ ಅದೇ ಕೆಂಪು ಮೂರನೆಯ ಸಲವೂ ಕಾಣುತ್ತದೆ.

ಆ ಬೀರುವಿಗೂ ಇದೇ ಪಾಠ. ಹದಿನಾಲ್ಕರಲ್ಲಿ ರಾಣಿ, ನೇರಳೆ, ನವಿಲು ನೀಲಿಯಂಥ ನೀಲಿಯ ಕಡೆ ವಾಲುವ ಕುರ್ತಾಗಳು ಎಂಟು. ಸಾಸಿವೆ, ಕಿತ್ತಳೆ, ಕುಂಕುಮದಂಥ ಹಳದಿಯ ಕಡೆ ವಾಲುವವು ಆರು. ಮೊದಲ ಗುಂಪಿಗೆ ಒಂದು ಕಡುನೀಲಿ ಪ್ಯಾಂಟು, ಎರಡನೆಯದಕ್ಕೆ ಒಂದು ಬಿಸ್ಕತ್ ಬಣ್ಣದ್ದು. ಬಿಳಿಯದು ಎರಡಕ್ಕೂ. ಹೀಗೆ ಪ್ರತಿ ಕುರ್ತಾಗೂ ಎರಡೆರಡರಂತೆ ಇಪ್ಪತ್ತೆಂಟು ಜೋಡಿ ಸಿಗುತ್ತದೆ. ಗಿಳಿ ಹಸಿರು, ಕಿತ್ತಳೆ, ರಾಣಿ ಬಣ್ಣದ ಪ್ಯಾಂಟುಗಳನ್ನು ಎಸೆಯಬೇಕಿಲ್ಲ. ಕೆನೆ ಬಣ್ಣದ ಕುರ್ತಾ ಒಂದನ್ನು ತಂದರೆ ಅವೂ ಹೊರಬರುತ್ತವೆ. ಎರಡು ಗುಂಪುಗಳ ನಡುವೆ ಸೇತುವೆಯಾಗಲು, ನವಿಲು ನೀಲಿ ಮತ್ತು ಸಾಸಿವೆ ಎರಡೂ ಇರುವ ಒಂದು ಅಚ್ಚಿನ ದುಪಟ್ಟಾ ಸಾಕು.

ಒಂದು ಎಚ್ಚರಿಕೆಯೂ ಪತ್ರದಲ್ಲಿದೆ. ಅಂಗಡಿಯ ದೀಪದಡಿ ಸರಿಹೊಂದಿದ ಎರಡು ಬಟ್ಟೆ, ಬಿಸಿಲಿನಲ್ಲಿ ಬೇರೆಬೇರೆಯಾಗಿ ಕಾಣಬಹುದು. ಒಂದೇ ಬಣ್ಣವೆನಿಸಿದರೂ ಅವಕ್ಕೆ ಹಾಕಿದ ವರ್ಣದ್ರವ್ಯ ಬೇರೆಯಿದ್ದರೆ, ಬೆಳಕು ಬದಲಾದಂತೆ ಅವು ಬೇರೆಯಾಗಿ ವರ್ತಿಸುತ್ತವೆ. ಹಾಗಾಗಿ ಹಣ ಕೊಡುವ ಮೊದಲು ಬಟ್ಟೆಯನ್ನು ಬಾಗಿಲ ಬಳಿ ಒಯ್ದು ನೋಡಬೇಕು, ಬೀರುವಿನ ಚಿತ್ರವನ್ನು ಫೋನಿನಲ್ಲಿ ಇಟ್ಟುಕೊಂಡಿರಬೇಕು. ಕೊನೆಯ ಸಾಲಿನಲ್ಲಿ ಒಂದು ವಿನಂತಿ: “ಮುಂದಿನ ಬಟ್ಟೆ ಕೊಳ್ಳುವ ಮೊದಲು, ಈಗಿರುವ ಯಾವ ಮೂರರ ಜೊತೆ ಅದನ್ನು ಉಡುತ್ತೀರಿ ಎಂದು ನನಗೆ ಬರೆಯಿರಿ.”

ಎರಡು ವಾರದ ನಂತರ ಗ್ರಾಹಕಿ ಅಂಗಡಿಯಿಂದಲೇ ಒಂದು ನಿಂಬೆ ಹಳದಿ ಕುರ್ತಾದ ಚಿತ್ರ ಕಳಿಸಿದರು. ಅದರ ಕೆಳಗೆ ಬಿಳಿ ಪ್ಯಾಂಟು, ಅಚ್ಚಿನ ದುಪಟ್ಟಾ ಎಂದು ಎರಡೇ ಹೆಸರು ಬರೆದಿದ್ದರು. ಮೂರನೆಯದು ಹೊಳೆಯದೆ, ಕುರ್ತಾವನ್ನು ಮತ್ತೆ ಹ್ಯಾಂಗರಿಗೆ ತೂಗುಹಾಕಿ ಬಂದರು.