ಒಂದಕ್ಕೆ ಟಿಕ್ ಹಾಕಿದರೆ ಹತ್ತಕ್ಕೂ ಬೀಳುವುದೇಕೆ?

ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘವೊಂದು ಸದಸ್ಯರ ಅಭಿಪ್ರಾಯ ಕೇಳಲು ಪಿಡಿಎಫ್ ಫಾರ್ಮ್ ಮಾಡಿಸಿದೆ ಎಂದಿಟ್ಟುಕೊಳ್ಳಿ. ಅದರಲ್ಲಿ ಹತ್ತು ಪ್ರಶ್ನೆಗಳಿವೆ, ಪ್ರತಿಯೊಂದರ ಮುಂದೆ ‘ಹೌದು’, ‘ಇಲ್ಲ’ ಎಂದು ಎರಡು ಚೌಕ. ಫಾರ್ಮ್ ಮಾಡಿದವರು ಮೊದಲ ಪ್ರಶ್ನೆಗೆ ಎರಡು ಚೆಕ್ ಬಾಕ್ಸ್ ಇಟ್ಟು, ಆ ಜೋಡಿಯನ್ನೇ ಕಾಪಿ ಮಾಡಿ ಉಳಿದ ಒಂಬತ್ತು ಪ್ರಶ್ನೆಗಳ ಮುಂದೆ ಪೇಸ್ಟ್ ಮಾಡಿದ್ದಾರೆ. ಕಣ್ಣಿಗೆ ಎಲ್ಲವೂ ಸರಿಯಾಗಿದೆ, ಸಾಲು ಕೂಡ ಅಚ್ಚುಕಟ್ಟು. ಸದಸ್ಯರೊಬ್ಬರು ಅದನ್ನು ತೆರೆದು ಮೊದಲ ಪ್ರಶ್ನೆಗೆ ‘ಹೌದು’ ಒತ್ತುತ್ತಾರೆ. ಹತ್ತೂ ‘ಹೌದು’ಗಳಿಗೆ ಟಿಕ್ ಬೀಳುತ್ತದೆ. ಏಳನೆಯದಕ್ಕೆ ‘ಇಲ್ಲ’ ಎಂದರೆ ಹತ್ತೂ ‘ಹೌದು’ ಅಳಿಸಿಹೋಗಿ ಹತ್ತೂ ‘ಇಲ್ಲ’ ತುಂಬಿಕೊಳ್ಳುತ್ತವೆ.

ಫೈಲ್ ಕೆಟ್ಟಿದೆ, ಕಂಪ್ಯೂಟರಿಗೆ ವೈರಸ್ ಬಂದಿದೆ ಎಂದು ಜನ ಅಂದುಕೊಳ್ಳುವುದು ಇಂಥ ಹೊತ್ತಿನಲ್ಲೇ. ನಿಜ ಹೇಳಬೇಕೆಂದರೆ ಪಿಡಿಎಫ್ ತನಗೆ ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಿದೆ. ಅದಕ್ಕೆ ಹೇಳಿದ್ದೇನು ಎಂಬುದು ಮಾತ್ರ ಫಾರ್ಮ್ ಮಾಡಿದವರಿಗೆ ಗೊತ್ತಾಗಿಲ್ಲ.

ಫಾರ್ಮಿನ ಮೇಲೆ ನಮಗೆ ಇಪ್ಪತ್ತು ಚೌಕ ಕಾಣುತ್ತವೆ. ಪಿಡಿಎಫ್ ಎಣಿಸುವುದು ಚೌಕಗಳನ್ನಲ್ಲ, ಫೀಲ್ಡುಗಳನ್ನು. ಫೀಲ್ಡ್ ಎಂದರೆ ಉತ್ತರವೊಂದನ್ನು ಹಿಡಿದಿಟ್ಟುಕೊಳ್ಳುವ ಜಾಗ, ಅದಕ್ಕೊಂದು ಹೆಸರು. ಪುಟದ ಮೇಲೆ ಕಾಣುವ ಚೌಕ ಆ ಫೀಲ್ಡಿನ ಹೊರಮುಖ ಮಾತ್ರ. ಒಂದೇ ಫೀಲ್ಡಿಗೆ ಎಷ್ಟು ಮುಖಗಳಾದರೂ ಇರಬಹುದು, ಎಷ್ಟು ಪುಟಗಳಲ್ಲಾದರೂ ಹರಡಿರಬಹುದು. ಎರಡು ಚೌಕಗಳಿಗೆ ಒಂದೇ ಹೆಸರು ಕೊಟ್ಟರೆ, ಇವೆರಡೂ ಒಂದೇ ಪ್ರಶ್ನೆಗೆ ಸೇರಿದವು ಎಂದು ಪಿಡಿಎಫ್‌ಗೆ ಹೇಳಿದ ಹಾಗಾಯಿತು.

ಅದರಲ್ಲಿ ಯಾವ ಚೌಕ ಯಾವ ಉತ್ತರ ಎಂದು ಹೇಳುವುದು ಇನ್ನೊಂದು ಗುರುತು. ಅಕ್ರೋಬ್ಯಾಟ್‌ನಲ್ಲಿ ಚೆಕ್ ಬಾಕ್ಸಿನ Properties ತೆರೆದು Options ಟ್ಯಾಬ್‌ಗೆ ಹೋದರೆ Export Value ಎಂಬ ಖಾನೆ ಸಿಗುತ್ತದೆ. ರೇಡಿಯೋ ಬಟನ್ ಆದರೆ ಅದೇ ಜಾಗದಲ್ಲಿ Radio Button Choice ಎಂದಿರುತ್ತದೆ. ಟಿಕ್ ಬಿದ್ದಾಗ ಫೀಲ್ಡಿನೊಳಗೆ ಕೂರುವ ಮೌಲ್ಯ ಇದು. ಚೌಕದ ಪಕ್ಕದಲ್ಲಿ ‘ಹೌದು’ ಎಂದು ಅಚ್ಚಾಗಿರುವುದು ಓದುವವರಿಗೆ, ಪಿಡಿಎಫ್ ಅದನ್ನು ನೋಡುವುದೇ ಇಲ್ಲ. ಅದಕ್ಕೆ ಬೇಕಾದದ್ದು ಎರಡೇ: ಹೆಸರು ನೋಡಿ ಇದು ಯಾವ ಪ್ರಶ್ನೆ ಎಂದು ತಿಳಿಯುತ್ತದೆ, ಎಕ್ಸ್‌ಪೋರ್ಟ್ ವ್ಯಾಲ್ಯೂ ನೋಡಿ ಇದು ಯಾವ ಉತ್ತರ ಎಂದು ತಿಳಿಯುತ್ತದೆ.

ಫೈಲಿನ ಒಳಗಡೆ ಇದು ಹೇಗಿರುತ್ತದೆ ಎಂಬುದನ್ನು ಸ್ವಲ್ಪ ಸರಳಗೊಳಿಸಿ ತೋರಿಸಬಹುದು:

```
/FT /Btn
/T (q1)
/V /Yes
/Kids [12 0 R 13 0 R]
```

ಇದು ಬಟನ್ ಜಾತಿಯ ಫೀಲ್ಡ್, ಹೆಸರು q1, ಸದ್ಯದ ಉತ್ತರ Yes, ಇದಕ್ಕೆ ಎರಡು ಮುಖಗಳಿವೆ ಎಂದು ಈ ನಾಲ್ಕು ಸಾಲು ಹೇಳುತ್ತವೆ. ಪ್ರತಿ ಮುಖದ ಬಳಿ ಎರಡು ಚಿತ್ರಗಳಿರುತ್ತವೆ. ಒಂದು ಟಿಕ್ ಇರುವ ಚಿತ್ರ, ಅದರ ಹೆಸರೇ ಎಕ್ಸ್‌ಪೋರ್ಟ್ ವ್ಯಾಲ್ಯೂ. ಇನ್ನೊಂದು ಖಾಲಿ ಚೌಕ, ಅದರ ಹೆಸರು ಯಾವಾಗಲೂ Off. ಫೀಲ್ಡಿನ ಮೌಲ್ಯ Yes ಆದ ಕೂಡಲೇ Yes ಹೆಸರಿನ ಚಿತ್ರ ಇರುವ ಮುಖಗಳೆಲ್ಲ ಅದನ್ನು ತೋರಿಸುತ್ತವೆ, ಉಳಿದವು Off ಆಗುತ್ತವೆ. ಸಂಘದ ಫಾರ್ಮಿನಲ್ಲಿ Kids ಸಾಲಿನಲ್ಲಿ ಎರಡರ ಬದಲು ಇಪ್ಪತ್ತು ಮುಖಗಳು ಕೂತಿವೆ. ಅವುಗಳಲ್ಲಿ ಹತ್ತು Yes, ಹತ್ತು No. ಕಾಪಿ-ಪೇಸ್ಟ್ ಮಾಡಿದಾಗ ಅಕ್ರೋಬ್ಯಾಟ್ ಹೆಸರನ್ನೂ ಮೌಲ್ಯವನ್ನೂ ಹಾಗೆಯೇ ಉಳಿಸಿಕೊಂಡಿತು. ಹತ್ತು ಪ್ರಶ್ನೆ ಕೇಳಿದ್ದೇವೆ ಎಂದು ಸಂಘ ನಂಬಿದೆ, ಫೈಲಿನೊಳಗೆ ಇರುವುದು ಒಂದೇ ಪ್ರಶ್ನೆ.

ಹಾಗಾದರೆ ಇಂಥ ಏರ್ಪಾಡು ಇರುವುದಾದರೂ ಏಕೆ? ಬ್ಯಾಂಕಿನ ಚಲನ್ ನೋಡಿದರೆ ಉತ್ತರ ಸಿಗುತ್ತದೆ. ಒಂದೇ ಹಾಳೆಯಲ್ಲಿ ಬ್ಯಾಂಕಿಗೊಂದು, ಕಾಲೇಜಿಗೊಂದು, ವಿದ್ಯಾರ್ಥಿಗೊಂದು ಎಂದು ಮೂರು ಪ್ರತಿ ಇರುತ್ತವೆ. ಮೊದಲ ಪ್ರತಿಯಲ್ಲಿ ಹೆಸರು ಟೈಪ್ ಮಾಡಿದರೆ ಉಳಿದೆರಡರಲ್ಲೂ ತಾನಾಗಿ ಮೂಡಬೇಕು, ‘ನಗದು’ ಎಂದು ಟಿಕ್ ಮಾಡಿದರೆ ಮೂರರಲ್ಲೂ ನಗದಿಗೇ ಬೀಳಬೇಕು. ಅಲ್ಲಿ ಮೂರು ‘ನಗದು’ ಚೌಕಗಳಿಗೂ ಒಂದೇ ಹೆಸರು, ಒಂದೇ ಮೌಲ್ಯ ಕೊಡುವುದೇ ಸರಿಯಾದ ಕ್ರಮ. ಚಲನ್‌ನಲ್ಲಿ ಅನುಕೂಲವಾಗುವ ಗುಣವೇ ಸಂಘದ ಫಾರ್ಮಿನಲ್ಲಿ ಅವಾಂತರ ಮಾಡಿದೆ.

ರೇಡಿಯೋ ಬಟನ್‌ಗಳ ವಿಷಯದಲ್ಲಿ ಒಂದು ಹೆಚ್ಚಿನ ಆಯ್ಕೆ ಇದೆ. 2003ರಲ್ಲಿ ಬಂದ ಪಿಡಿಎಫ್ 1.5ರಲ್ಲಿ ಇದಕ್ಕಾಗಿಯೇ RadiosInUnison ಎಂಬ ಗುರುತು ಸೇರಿತು. ಅಕ್ರೋಬ್ಯಾಟ್‌ನ Options ಟ್ಯಾಬ್‌ನಲ್ಲಿ ಇದು Buttons with the same name and choice are selected in unison ಎಂಬ ಸಾಲಾಗಿ ಕಾಣುತ್ತದೆ. ಅದಕ್ಕೆ ಟಿಕ್ ಇದ್ದರೆ ಒಂದೇ ಹೆಸರು, ಒಂದೇ ಮೌಲ್ಯದ ಗುಂಡುಗಳೆಲ್ಲ ಚೆಕ್ ಬಾಕ್ಸಿನಂತೆಯೇ ಒಟ್ಟಿಗೆ ತುಂಬುತ್ತವೆ. ಟಿಕ್ ಇಲ್ಲದಿದ್ದರೆ ಆ ಹೆಸರಿನ ಎಲ್ಲ ಗುಂಡುಗಳ ಪೈಕಿ ಒಂದು ಮಾತ್ರ ತುಂಬುತ್ತದೆ.

ಈ ಟಿಕ್ ತೆಗೆದುಬಿಟ್ಟರೆ ಕಾಯಿಲೆ ವಾಸಿಯಾಯಿತು ಎಂದು ಹಲವರು ಅಲ್ಲಿಗೇ ನಿಲ್ಲಿಸುತ್ತಾರೆ. ವಾಸಿಯಾಗಿರುವುದಿಲ್ಲ, ಲಕ್ಷಣ ಬದಲಾಗಿರುತ್ತದೆ. ಸಂಘದವರು ಚೆಕ್ ಬಾಕ್ಸಿನ ಬದಲು ರೇಡಿಯೋ ಬಟನ್ ಇಟ್ಟು ಹೀಗೆ ಮಾಡಿದ್ದರೆ ಹತ್ತೂ ಒಟ್ಟಿಗೆ ತುಂಬುತ್ತಿರಲಿಲ್ಲ. ಆದರೆ ಎರಡನೇ ಪ್ರಶ್ನೆಗೆ ಉತ್ತರ ಕೊಟ್ಟ ತಕ್ಷಣ ಮೊದಲನೆಯದರ ಉತ್ತರ ಮಾಯವಾಗುತ್ತಿತ್ತು. ಇಪ್ಪತ್ತು ಗುಂಡುಗಳಲ್ಲಿ ಯಾವುದಾದರೂ ಒಂದು ಮಾತ್ರ ಉಳಿಯುತ್ತಿತ್ತು, ಏಕೆಂದರೆ ಪ್ರಶ್ನೆ ಇನ್ನೂ ಒಂದೇ.

ಆದ್ದರಿಂದ ಲಕ್ಷಣ ನೋಡಿ ರೋಗ ಹೇಳಬಹುದು. ಬೇರೆ ಬೇರೆ ಚೌಕಗಳು ಒಟ್ಟಿಗೆ ಟಿಕ್ ಆಗುತ್ತಿದ್ದರೆ ಅವುಗಳ ಹೆಸರೂ ಒಂದೇ, ಮೌಲ್ಯವೂ ಒಂದೇ. ಒಂದಕ್ಕೆ ಟಿಕ್ ಹಾಕಿದಾಗ ಸಂಬಂಧವಿಲ್ಲದ ಇನ್ನೊಂದು ಅಳಿಸಿಹೋದರೆ ಹೆಸರು ಒಂದೇ, ಮೌಲ್ಯ ಬೇರೆ ಇರಬೇಕು, ಇಲ್ಲವೇ ಈಗ ಹೇಳಿದ ರೇಡಿಯೋ ಬಟನ್ನಿನ ಪ್ರಕರಣವಾಗಿರಬೇಕು. ‘ಹೌದು’, ‘ಇಲ್ಲ’ ಎರಡೂ ಒಟ್ಟಿಗೆ ಟಿಕ್ ಆಗಿಯೇ ಉಳಿಯುತ್ತಿದ್ದರೆ ಅವೆರಡರ ಹೆಸರು ಬೇರೆ ಬೇರೆ. ಈ ಮೂರನೆಯದು ಕೆಲವೊಮ್ಮೆ ಕಣ್ತಪ್ಪಿನಿಂದಲೂ ಆಗುತ್ತದೆ. q2 ಮತ್ತು Q2 ಪಿಡಿಎಫ್‌ಗೆ ಎರಡು ಬೇರೆ ಹೆಸರುಗಳು. ಮೌಲ್ಯಗಳಲ್ಲೂ ಹಾಗೆಯೇ, Yes ಬೇರೆ, yes ಬೇರೆ. ಹೆಸರಿನಲ್ಲಿ ಚುಕ್ಕಿ ಇದ್ದರೆ ಪಿಡಿಎಫ್ ಅದನ್ನು ತಾಯಿ-ಮಗು ಸಂಬಂಧ ಎಂದು ಓದುವುದರಿಂದ, q2.yes ಮತ್ತು q2.no ಎಂದು ಹೆಸರಿಟ್ಟರೆ ಅವು ಎರಡು ಪ್ರತ್ಯೇಕ ಫೀಲ್ಡುಗಳೇ ಆಗುತ್ತವೆ.

ಸಂಘದ ಫಾರ್ಮನ್ನು ಸರಿಪಡಿಸುವ ದಾರಿ ಈಗ ಸುಲಭ. ಅಕ್ರೋಬ್ಯಾಟ್‌ನಲ್ಲಿ ಫಾರ್ಮ್ ತಿದ್ದುವ Prepare Form ತೆರೆದು, ಎರಡನೇ ಪ್ರಶ್ನೆಯ ‘ಹೌದು’ ಚೌಕದ Properties ನೋಡಬೇಕು. General ಟ್ಯಾಬ್‌ನಲ್ಲಿ Name ಖಾನೆಯಲ್ಲಿರುವ q1 ಅನ್ನು q2 ಎಂದು ಬದಲಿಸಬೇಕು. ಪಕ್ಕದ ‘ಇಲ್ಲ’ ಚೌಕಕ್ಕೂ q2 ಎಂದೇ ಕೊಡಬೇಕು. Export Value ಮುಟ್ಟಬೇಕಾಗಿಲ್ಲ, Yes ಮತ್ತು No ಹಾಗೆಯೇ ಇರಲಿ. ಹೀಗೆ q10ರ ತನಕ. ಫಾರ್ಮಿನಲ್ಲಿ q2 ಹೆಸರಿನ ಬರವಣಿಗೆ ಖಾನೆ ಮೊದಲೇ ಇದ್ದರೆ ಅಕ್ರೋಬ್ಯಾಟ್ ಒಪ್ಪುವುದಿಲ್ಲ, ಒಂದೇ ಹೆಸರಿನಲ್ಲಿ ಎರಡು ಜಾತಿಯ ಫೀಲ್ಡು ಇರುವಂತಿಲ್ಲ.

ಎಲ್ಲ ಪ್ರಶ್ನೆಗೂ ಇದೇ ಸೂತ್ರ ನಡೆಯುವುದಿಲ್ಲ. ‘ನಿಮಗೆ ಬರುವ ಭಾಷೆಗಳು’ ಎಂದು ಕೇಳಿ ಕನ್ನಡ, ತುಳು, ಕೊಂಕಣಿ ಎಂದು ಮೂರು ಚೌಕ ಇಟ್ಟರೆ, ಮೂರೂ ಬಲ್ಲವರು ಮೂರಕ್ಕೂ ಟಿಕ್ ಹಾಕಬೇಕಲ್ಲ. ಅಲ್ಲಿ ಪ್ರತಿ ಚೌಕವೂ ತನ್ನಷ್ಟಕ್ಕೆ ಒಂದು ಪ್ರಶ್ನೆ: ಕನ್ನಡ ಬರುತ್ತದೆಯೇ, ತುಳು ಬರುತ್ತದೆಯೇ ಎಂದು. ಹಾಗಾಗಿ ಮೂರಕ್ಕೂ ಬೇರೆ ಬೇರೆ ಹೆಸರು ಬೇಕು. ಒಂದೇ ಉತ್ತರ ಬೇಕಾದ ಕಡೆ ರೇಡಿಯೋ ಬಟನ್ನೋ ಚೆಕ್ ಬಾಕ್ಸೋ ಎಂಬುದಕ್ಕೂ ಒಂದು ಲೆಕ್ಕವಿದೆ. ರೇಡಿಯೋ ಬಟನ್ ಒಮ್ಮೆ ತುಂಬಿದರೆ ಸಾಮಾನ್ಯವಾಗಿ ಅದನ್ನೇ ಮತ್ತೆ ಒತ್ತಿ ಖಾಲಿ ಮಾಡಲು ಬರುವುದಿಲ್ಲ, ಅದಕ್ಕೆ ರೀಸೆಟ್ ಬಟನ್ ಬೇಕು. ಒಂದೇ ಹೆಸರು, ಬೇರೆ ಮೌಲ್ಯದ ಚೆಕ್ ಬಾಕ್ಸುಗಳಲ್ಲಿ ಒಂದೇ ಆಯ್ಕೆ ನಿಲ್ಲುತ್ತದೆ, ಬೇಡವೆನಿಸಿದರೆ ಟಿಕ್ ತೆಗೆಯಲೂಬಹುದು. ಉತ್ತರಿಸದೆ ಬಿಡಲು ಅವಕಾಶವಿರುವ ಪ್ರಶ್ನೆಗೆ ಇದೇ ಒಳ್ಳೆಯದು.

ಮೌಲ್ಯ ಬರೆಯುವಾಗ ಎರಡು ಎಚ್ಚರಿಕೆ. Off ಎಂಬುದನ್ನು ಯಾವ ಚೌಕಕ್ಕೂ ಕೊಡಬೇಡಿ, ಅದು ಖಾಲಿ ಚೌಕಕ್ಕೆ ಮೀಸಲು. ಇನ್ನೊಂದು ಕನ್ನಡದಲ್ಲಿ ಫಾರ್ಮ್ ಮಾಡುವವರಿಗೆ: ಚೌಕದ ಪಕ್ಕದ ಮಾತು ಕನ್ನಡದಲ್ಲೇ ಇರಲಿ, ಒಳಗಿನ ಮೌಲ್ಯ ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿ ಚಿಕ್ಕದಾಗಿರಲಿ. ಲ್ಯಾಟಿನ್ ಅಲ್ಲದ ಲಿಪಿಯ ಮೌಲ್ಯಗಳನ್ನು ಪಿಡಿಎಫ್ Opt ಎಂಬ ಪ್ರತ್ಯೇಕ ಪಟ್ಟಿಯಲ್ಲಿ ಇಡಬೇಕಾಗುತ್ತದೆ. ಫೈಲಿಗೆ ಆ ವ್ಯವಸ್ಥೆ ಇದ್ದರೂ ಓದುವ ತಂತ್ರಾಂಶಗಳೆಲ್ಲ ಅದನ್ನು ಒಂದೇ ರೀತಿ ನಿಭಾಯಿಸುತ್ತವೆ ಎಂದು ನಂಬಿ ಕೂರುವಂತಿಲ್ಲ.

ತಪ್ಪಿನ ನಿಜವಾದ ಬೆಲೆ ತಿಳಿಯುವುದು ಕೊನೆಯಲ್ಲಿ. ತುಂಬಿ ಬಂದ ಫಾರ್ಮುಗಳನ್ನು ಅಕ್ರೋಬ್ಯಾಟ್‌ನ Merge Data Files into Spreadsheet ಮೂಲಕ ಒಂದು ಹಾಳೆಗೆ ಇಳಿಸಿದರೆ, ಪ್ರತಿ ಫೀಲ್ಡ್ ಹೆಸರಿಗೆ ಒಂದು ಕಾಲಂ, ಪ್ರತಿ ಫಾರ್ಮಿಗೆ ಒಂದು ಸಾಲು ಬರುತ್ತದೆ. ಸಂಘದ ಮೊದಲ ಫಾರ್ಮಿನಿಂದ ಹತ್ತು ಪ್ರಶ್ನೆಗಳಿಗೂ ಸೇರಿ ಸಿಗುವುದು q1 ಎಂಬ ಒಂದೇ ಕಾಲಂ, ಅದರಲ್ಲಿ ಕೊನೆಗೆ ಒತ್ತಿದ ಉತ್ತರ. ಉಳಿದ ಒಂಬತ್ತು ಉತ್ತರಗಳು ಫೈಲಿನಲ್ಲಿ ಎಲ್ಲೂ ಇರುವುದಿಲ್ಲ, ಯಾರಿಂದಲೂ ಹೊರತೆಗೆಯಲು ಆಗುವುದಿಲ್ಲ. ಎಲ್ಲರಿಗೂ ಮತ್ತೆ ಫಾರ್ಮ್ ಕಳಿಸಿ ಮತ್ತೆ ತುಂಬಿಸಿಕೊಳ್ಳಬೇಕು.

ಇದನ್ನು ಮೊದಲೇ ಹಿಡಿಯಲು ದೊಡ್ಡ ಪರೀಕ್ಷೆ ಬೇಕಿಲ್ಲ. ಫಾರ್ಮನ್ನು ಯಾರಿಗೂ ಕಳಿಸುವ ಮುಂಚೆ ಒಂದು ಸಲ ನೀವೇ ತುಂಬಿ. ಎಲ್ಲಕ್ಕೂ ‘ಹೌದು’ ಒತ್ತಿದರೆ ತಪ್ಪು ಬಚ್ಚಿಟ್ಟುಕೊಳ್ಳುತ್ತದೆ, ಆದ್ದರಿಂದ ಒಂದಕ್ಕೆ ‘ಹೌದು’, ಮುಂದಿನದಕ್ಕೆ ‘ಇಲ್ಲ’ ಎಂದು ಬದಲಿಸುತ್ತಾ ಹೋಗಿ. ಅಕ್ರೋಬ್ಯಾಟ್ ಪ್ರೊ ಇದ್ದರೆ ಜಾವಾಸ್ಕ್ರಿಪ್ಟ್ ಕನ್ಸೋಲ್ ತೆರೆದು ಒಂದೊಂದು ಪ್ರಶ್ನೆಯನ್ನೂ ಹೀಗೆ ಕೇಳಬಹುದು:

```
this.getField("q7").value
```

ಉತ್ತರ Yes, No ಅಥವಾ Off ಎಂದು ಬಂದರೆ ಏಳನೇ ಪ್ರಶ್ನೆಗೆ ತನ್ನದೇ ಜಾಗ ಇದೆ. ಅಂಥ ಫೀಲ್ಡೇ ಸಿಗದಿದ್ದರೆ ಆ ಪ್ರಶ್ನೆ ಕಾಗದದ ಮೇಲಿದೆ, ಫೈಲಿನಲ್ಲಿಲ್ಲ. ಕೊನೆಗೆ, ತುಂಬಿದ ಆ ಒಂದು ಫಾರ್ಮನ್ನೇ ಹಾಳೆಗೆ ಇಳಿಸಿ ಕಾಲಂ ಎಣಿಸಿ. ಬೇಕಾದ ಉತ್ತರಗಳ ಲೆಕ್ಕಕ್ಕೆ ಕಾಲಂಗಳ ಲೆಕ್ಕ ತಾಳೆಯಾದರೆ ಮಾತ್ರ ಫಾರ್ಮನ್ನು ಹೊರಗೆ ಬಿಡಿ.