ಒದ್ದೆ ಶೂ ಒಣಗಬೇಕಾದದ್ದು ಒಳಗಡೆ

ಜುಲೈ ತಿಂಗಳಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆ ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಸಂಜೆಯ ಒಂದು ಕೆಲಸ ತಪ್ಪುವುದಿಲ್ಲ. ಮಗು ನಾಲ್ಕೂವರೆಗೆ ನೆನೆದ ಶೂ ಕಳಚುತ್ತದೆ. ಮರುದಿನ ಬೆಳಿಗ್ಗೆ ಎಂಟೂವರೆಗೆ ಅದನ್ನೇ ಮತ್ತೆ ಹಾಕಿಕೊಳ್ಳಬೇಕು. ಸರ್ಕಾರಿ ಶಾಲೆಯ ಮಕ್ಕಳಿಗೆ ಸಿಗುವುದು ವರ್ಷಕ್ಕೆ ಒಂದೇ ಜೊತೆ. ನಡುವಿನ ಹದಿನಾರು ಗಂಟೆಯಲ್ಲಿ ಆ ಶೂವನ್ನು ಏನು ಮಾಡುತ್ತೇವೆ ಎಂಬುದರ ಮೇಲೆ ಅದರ ಬಾಳಿಕೆಯೂ ಮಗುವಿನ ಪಾದದ ಆರೋಗ್ಯವೂ ನಿಂತಿವೆ.

ಹೆಚ್ಚಿನವರು ಮಾಡುವುದು ಒಂದೇ: ಶೂವನ್ನು ಬಚ್ಚಲೊಲೆಯ ಪಕ್ಕಕ್ಕೆ ನಿಲ್ಲಿಸುವುದು. ಬೆಳಿಗ್ಗೆ ಮುಟ್ಟಿದರೆ ಹೊರಮೈ ಗರಿಗರಿಯಾಗಿರುತ್ತದೆ. ಆದರೆ ಬೆರಳಿರುವ ತುದಿಯಲ್ಲಿ, ಪಾದದಡಿಯ ಪ್ಯಾಡಿನ ಕೆಳಗೆ ನೀರು ಹಾಗೇ ಉಳಿದಿರುತ್ತದೆ. ಒಲೆಯ ಬಿಸಿಗೆ ಅಟ್ಟೆ ಅಂಟಿಸಿದ ಗೋಂದು ಮೆತ್ತಗಾಗಿ, ತಿಂಗಳೊಪ್ಪತ್ತಿನಲ್ಲಿ ಶೂ ಮುಂಭಾಗದಲ್ಲಿ ಬಾಯಿ ಬಿಡುತ್ತದೆ. ಚರ್ಮದ ಶೂ ಆದರೆ ಒಳಗಿನ ಎಣ್ಣೆಯಂಶ ಹೋಗಿ, ಬೆರಳು ಮಡಿಯುವ ಜಾಗದಲ್ಲಿ ಬಿರುಕು ಬೀಳುತ್ತದೆ. ಅಂದರೆ ಶೂ ಹಾಳಾಯಿತು, ತೇವವೂ ಹೋಗಲಿಲ್ಲ.

ಮೊದಲು ಮಾಡಬೇಕಾದದ್ದು ಶೂವನ್ನು ಬಿಚ್ಚುವುದು. ಲೇಸನ್ನು ಪೂರ್ತಿ ಎಳೆದು ತೆಗೆಯಿರಿ, ನಾಲಿಗೆಯನ್ನು ಮುಂದಕ್ಕೆ ಮಗುಚಿ, ಒಳಗಿನ ಪ್ಯಾಡ್ ಸಡಿಲವಾಗಿದ್ದರೆ ಹೊರತೆಗೆಯಿರಿ. ಈ ಪ್ಯಾಡೇ ಶೂವಿನ ಸ್ಪಂಜು. ಅದು ಒಳಗಿರುವಷ್ಟು ಹೊತ್ತು ಕೆಳಗಿನ ಪದರಕ್ಕೆ ಗಾಳಿ ತಾಗುವುದೇ ಇಲ್ಲ. ಕೆಸರಿದ್ದರೆ ಒದ್ದೆ ಬಟ್ಟೆಯಿಂದ ಆಗಲೇ ಒರೆಸಿಬಿಡಿ. ಆಮೇಲೆ ಹಳೆಯ ಪತ್ರಿಕೆಯ ಹಾಳೆಗಳನ್ನು ಸಡಿಲವಾಗಿ ಮುದುಡಿ ತುದಿಯವರೆಗೂ ತುಂಬಿ. ಬಿಗಿಯಾಗಿ ತುರುಕಬಾರದು, ಶೂವಿನ ಆಕಾರ ಕೆಡುತ್ತದೆ. ಎಲ್ಲರೂ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ: ಕಾಗದ ತುಂಬಿ ರಾತ್ರಿಯಿಡೀ ಬಿಟ್ಟುಬಿಡುತ್ತಾರೆ. ನೀರು ಕುಡಿದ ಕಾಗದ ಒಳಗೇ ಉಳಿದರೆ ಅದು ಶೂವನ್ನು ಒಣಗಲು ಬಿಡುವುದಿಲ್ಲ. ಅರ್ಧ ಗಂಟೆಗೆ ಮೊದಲ ಸಲ, ಆಮೇಲೆ ಗಂಟೆಗೊಮ್ಮೆ ಬದಲಿಸುತ್ತಾ ಹೋದರೆ ರಾತ್ರಿ ಊಟದ ಹೊತ್ತಿಗೆ ಕಾಗದ ಬರೀ ತಣ್ಣಗೆ ಹೊರಬರುತ್ತದೆ, ಒದ್ದೆಯಾಗಿರುವುದಿಲ್ಲ. ಕಾಗದದ ಕೆಲಸ ಅಲ್ಲಿಗೆ ಮುಗಿಯಿತು.

ಇನ್ನು ಉಳಿದದ್ದು ಗಾಳಿಯ ಕೆಲಸ. ಮಲೆನಾಡಿನ ಮಳೆಗಾಲದಲ್ಲಿ ಜಗುಲಿಯ ಗಾಳಿಗೆ ಇಟ್ಟ ಶೂ ಎರಡು ದಿನವಾದರೂ ಒಣಗದು, ಏಕೆಂದರೆ ಆ ಗಾಳಿಯೇ ನೀರು ತುಂಬಿಕೊಂಡು ನಿಂತಿರುತ್ತದೆ. ಇನ್ನಷ್ಟು ಹೀರಲು ಅದರಲ್ಲಿ ಜಾಗವಿಲ್ಲ. ಅದೇ ಗಾಳಿ ಹತ್ತು ಡಿಗ್ರಿಯಷ್ಟು ಬೆಚ್ಚಗಾದರೆ ಅದರ ತೇವದ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ಅಡುಗೆ ಮುಗಿದ ಮೇಲಿನ ಬೆಚ್ಚನೆಯ ಕೋಣೆಯಲ್ಲಿ, ಒಲೆಯಿಂದ ನಾಲ್ಕೈದು ಅಡಿ ದೂರದಲ್ಲಿ, ಶೂವಿನ ಬಾಯಿ ಟೇಬಲ್ ಫ್ಯಾನಿನ ಕಡೆಗಿರುವಂತೆ ಓರೆಯಾಗಿ ಒರಗಿಸಿಡಿ. ಗಾಳಿ ಬೆರಳ ತುದಿಯವರೆಗೆ ಹೋಗಬೇಕು. ಪ್ಯಾಡ್ ಮತ್ತು ಲೇಸನ್ನು ಪಕ್ಕದಲ್ಲೇ ಬೇರೆಯಾಗಿ ನೇತುಹಾಕಿ. ಹೇರ್ ಡ್ರೈಯರ್ ಬಳಸುವುದಾದರೆ ತಣ್ಣನೆಯ ಗಾಳಿಗೆ ಇಟ್ಟುಕೊಂಡೇ ಬಳಸಿ. ಬಿಸಿಲು ಬಂದ ದಿನ ಕ್ಯಾನ್ವಾಸ್ ಶೂವನ್ನು ಬಿಸಿಲಿಗೇ ಹಾಕಬಹುದು, ಚರ್ಮದ್ದನ್ನು ನೆರಳಲ್ಲಿ.

ಒಣಗಿದೆಯೇ ಎಂದು ತಿಳಿಯಲು ಹೊರಗೆ ಮುಟ್ಟಿ ನೋಡಿದರೆ ಸಾಲದು. ಕೈಯನ್ನು ತುದಿಯವರೆಗೆ ಹಾಕಿ ಎಣಿಸಿ ಹತ್ತರವರೆಗೆ ಹಿಡಿದಿರಿ. ಬೆರಳಿಗೆ ತಂಪು ಹತ್ತಿದರೆ ಇನ್ನೂ ನೀರು ಆರುತ್ತಿದೆ ಎಂದರ್ಥ. ಇನ್ನೊಂದು ಉಪಾಯ ನನಗೆ ಬಹಳ ಇಷ್ಟ: ಮೇ ತಿಂಗಳಲ್ಲೇ ಚೆನ್ನಾಗಿ ಒಣಗಿದ ಶೂವನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಆ ಗ್ರಾಮನ್ನು ಬರೆದಿಟ್ಟುಕೊಳ್ಳುವುದು. ಮಳೆಗಾಲದಲ್ಲಿ ಒಂದು ಶೂ ಅದಕ್ಕಿಂತ ಮೂವತ್ತು ಗ್ರಾಂ ಹೆಚ್ಚು ತೂಗಿತೆಂದರೆ ಸುಮಾರು ಆರು ಚಮಚ ನೀರು ಒಳಗೆ ಕೂತಿದೆ. ತಕ್ಕಡಿಯ ಮುಂದೆ ಊಹೆಗೆ ಕೆಲಸವಿಲ್ಲ.

ವಾಸನೆಯೂ ಈ ನೀರಿನಿಂದಲೇ ಶುರುವಾಗುತ್ತದೆ. ಪಾದದ ಬೆವರಿಗೆ ಹೆಚ್ಚುಕಡಿಮೆ ವಾಸನೆಯೇ ಇಲ್ಲ. ಚರ್ಮದ ಮೇಲೆ ಸದಾ ಇರುವ ಬ್ಯಾಕ್ಟೀರಿಯಾಗಳು, ಮುಖ್ಯವಾಗಿ ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್, ಬೆವರಿನಲ್ಲಿರುವ ಲ್ಯೂಸಿನ್ ಎಂಬ ಅಂಶವನ್ನು ಒಡೆದು ಐಸೋವ್ಯಾಲರಿಕ್ ಆಮ್ಲ ಮಾಡುತ್ತವೆ. ಹಳಸಿದ ಚೀಸಿನಂಥ ಆ ಕಮಟು ಅದರದ್ದೇ. ಅದು ಆಮ್ಲವಾದ್ದರಿಂದಲೇ ಅಡುಗೆ ಸೋಡಾ ಕೆಲಸ ಮಾಡುತ್ತದೆ: ಸೋಡಾದೊಂದಿಗೆ ಸೇರಿ ಗಾಳಿಗೆ ಹಾರದ ಲವಣವಾಗುತ್ತದೆ, ಮೂಗಿಗೆ ತಲುಪುವುದಿಲ್ಲ. ಒಣಗಿದ ಶೂವಿಗೆ ಒಂದೊಂದು ಚಮಚ ಉದುರಿಸಿ, ಅಲುಗಾಡಿಸಿ, ರಾತ್ರಿ ಬಿಟ್ಟು ಬೆಳಿಗ್ಗೆ ತಟ್ಟಿ ಕೊಡವಿದರೆ ಸಾಕು. ಒದ್ದೆ ಶೂವಿಗೆ ಹಾಕಿದರೆ ಮುದ್ದೆಯಾಗಿ ಹೊಲಿಗೆಯಲ್ಲಿ ಕೂರುತ್ತದೆ. ಚರ್ಮಕ್ಕೆ ಕ್ಷಾರ ಒಳ್ಳೆಯದಲ್ಲ; ಅಲ್ಲಿ ಸೋಡಾವನ್ನು ಹಳೆಯ ಕಾಲುಚೀಲದಲ್ಲಿ ಗಂಟು ಕಟ್ಟಿ ಇಡಬೇಕು.

ಆದರೆ ಸೋಡಾ ಬ್ಯಾಕ್ಟೀರಿಯಾವನ್ನು ಪೂರ್ತಿ ಕೊಲ್ಲುವುದಿಲ್ಲ. ಪ್ಯಾಡನ್ನು ವಾರಕ್ಕೊಮ್ಮೆ ಸೋಪುಪುಡಿಯ ಉಗುರುಬೆಚ್ಚಗಿನ ನೀರಿನಲ್ಲಿ ಬ್ರಷ್‌ನಿಂದ ಉಜ್ಜಿ ತೊಳೆಯದೆ ಹೋದರೆ ವಾಸನೆ ಮರಳುತ್ತದೆ. ತೊಳೆದು ಒಣಗಿಸಿದ ಪ್ಯಾಡೂ ನಾರುತ್ತಿದ್ದರೆ ಅದನ್ನು ಎಸೆದು ಹೊಸದು ಹಾಕಿ. ಸೆಂಟು ಹೊಡೆಯುವುದರಿಂದ ಏನೂ ಆಗದು. ಫ್ರಿಜ್ಜಿನಲ್ಲಿಟ್ಟರೆ ಸೂಕ್ಷ್ಮಜೀವಿಗಳು ಸಾಯುತ್ತವೆ ಎಂಬ ನಂಬಿಕೆಯೂ ಸರಿಯಲ್ಲ, ಅವು ಸುಮ್ಮನಾಗುತ್ತವೆ ಅಷ್ಟೆ.

ದಿನವೂ ತೇವದಲ್ಲಿರುವ ಪಾದಕ್ಕೆ ಮುಂದೆ ಬರುವುದು ಶಿಲೀಂಧ್ರದ ಸೋಂಕು. ಹುಳುಕಡ್ಡಿಗೆ ಕಾರಣವಾದ ಗುಂಪಿನದೇ ಟ್ರೈಕೊಫೈಟಾನ್ ಎಂಬ ಶಿಲೀಂಧ್ರ ಇಲ್ಲಿಯೂ ಇರುತ್ತದೆ. ಅದು ಮೊದಲು ಕಾಣಿಸುವುದು ಸಾಮಾನ್ಯವಾಗಿ ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ಸಂದಿಯಲ್ಲಿ, ಅದು ಅತ್ಯಂತ ಇಕ್ಕಟ್ಟಿನ ಜಾಗ. ಚರ್ಮ ಬೆಳ್ಳಗೆ ನೆನೆದಂತಾಗಿ ಸುಲಿಯುತ್ತದೆ, ತುರಿಸುತ್ತದೆ, ಕೆಳಗೆ ಕೆಂಪಗೆ ಸೀಳುತ್ತದೆ. ತುರಿಕೆಯಿಲ್ಲದೆ ಅಂಗಾಲಿನಲ್ಲಿ ಸೂಜಿ ಚುಚ್ಚಿದಂತೆ ಸಣ್ಣ ಗುಳಿಗಳು ಬಿದ್ದು ವಿಪರೀತ ನಾತ ಬಂದರೆ ಅದು ಬೇರೆ. ಬ್ಯಾಕ್ಟೀರಿಯಾದಿಂದ ಬರುವ ತೊಂದರೆ, ಅದಕ್ಕೆ ಬೇರೆ ಔಷಧ.

ಬೆರಳ ಸಂದಿಯ ಸೋಂಕಿಗೆ ಕ್ಲೋಟ್ರಿಮಜೋಲ್ ಅಥವಾ ಟರ್ಬಿನಫಿನ್ ಮುಲಾಮನ್ನು ಪಾದ ಪೂರ್ತಿ ಒರೆಸಿಕೊಂಡ ಮೇಲೆ ಹಚ್ಚಬೇಕು. ತುರಿಕೆ ನಾಲ್ಕೇ ದಿನಕ್ಕೆ ನಿಲ್ಲಬಹುದು, ಆದರೆ ಔಷಧವನ್ನು ವೈದ್ಯರು ಹೇಳಿದ ಅವಧಿಯವರೆಗೂ ಹಚ್ಚಬೇಕು. ಸಾಮಾನ್ಯವಾಗಿ ಅದು ವಾರಗಳ ಲೆಕ್ಕ. ಅಂಗಡಿಯಲ್ಲಿ ಕೇಳಿದೊಡನೆ ಕೊಡುವ ಮುಲಾಮಿನ ಟ್ಯೂಬನ್ನು ತಿರುಗಿಸಿ ಓದಿ. ಬೀಟಾಮೆಥಸೋನ್ ಅಥವಾ ಕ್ಲೋಬೆಟಸಾಲ್ ಎಂದಿದ್ದರೆ ಅದರಲ್ಲಿ ಸ್ಟೀರಾಯ್ಡ್ ಇದೆ. ಕೆಂಪು ಬೇಗ ಇಳಿಯುತ್ತದೆ, ಶಿಲೀಂಧ್ರ ಮಾತ್ರ ಒಳಗೆ ಹಬ್ಬುತ್ತಲೇ ಇರುತ್ತದೆ. ನಮ್ಮ ದೇಶದಲ್ಲಿ ವಾಸಿಯಾಗದ ಹುಳುಕಡ್ಡಿ ಇಷ್ಟು ಹೆಚ್ಚಲು ಇಂಥ ಬೆರಕೆ ಮುಲಾಮುಗಳೂ ಒಂದು ಕಾರಣವೆಂದು ಚರ್ಮವೈದ್ಯರು ಹೇಳುತ್ತಲೇ ಬಂದಿದ್ದಾರೆ.

ಪಾದ ವಾಸಿಯಾದರೂ ಶೂ ಹಾಗೇ ಇದ್ದರೆ ಸೋಂಕು ತಿರುಗಿ ಬರುತ್ತದೆ. ಉದುರಿದ ಚರ್ಮದ ಚೂರುಗಳಲ್ಲಿ ಶಿಲೀಂಧ್ರದ ಬೀಜಕಣಗಳು ತಿಂಗಳುಗಟ್ಟಲೆ ಬದುಕಿರಬಲ್ಲವು. ಹಾಗಾಗಿ ಔಷಧ ಶುರುಮಾಡಿದ ದಿನವೇ ಪ್ಯಾಡ್ ಬದಲಿಸಿ, ಒಣಗಿದ ಶೂವಿನೊಳಗೆ ಶಿಲೀಂಧ್ರನಾಶಕ ಪುಡಿಯನ್ನು ದಿನವೂ ಉದುರಿಸಿ. ಕಾಲುಚೀಲವನ್ನು 60 ಡಿಗ್ರಿ ಬಿಸಿನೀರಿನಲ್ಲಿ ತೊಳೆಯಿರಿ. ತಣ್ಣೀರಿಗೆ ಈ ಕಣಗಳು ಜಗ್ಗುವುದಿಲ್ಲ. ಒಂದೇ ಟವೆಲಿನಲ್ಲಿ ಪಾದ ಒರೆಸಿ, ಅದರಲ್ಲೇ ತೊಡೆಸಂದು ಒರೆಸಿದರೆ ಸೋಂಕು ಅಲ್ಲಿಗೂ ಹರಡುತ್ತದೆ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಅವರ ಬೆರಳ ಸಂದಿಯನ್ನು ಬೇರೆಯವರು ದಿನಕ್ಕೊಮ್ಮೆ ನೋಡಬೇಕು. ಅವರಿಗೆ ನೋವು ತಿಳಿಯದಿರಬಹುದು. ಆ ಸಣ್ಣ ಸೀಳಿನಿಂದಲೇ ಕಾಲು ಬಾತು, ಕೆಂಪಾಗಿ, ಜ್ವರ ಬಂದರೆ ಮುಲಾಮು ಹಚ್ಚುತ್ತಾ ಕೂರದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು.