ಪ್ಲಾಂಟ್ ರೂಮಿನ ಗೋಡೆ ಸರಿದಾಗ: ಉಪಗುತ್ತಿಗೆದಾರ ಹೆಚ್ಚುವರಿ ದಿನ ಕೇಳುವ ಪತ್ರ

ಕಟ್ಟಡ ಕಾಮಗಾರಿಯಲ್ಲಿ ಗುತ್ತಿಗೆದಾರನ ತಪ್ಪಿಲ್ಲದೆ ಕೆಲಸ ತಡವಾದರೆ, ಮುಗಿಸಬೇಕಾದ ದಿನಾಂಕವನ್ನು ಮುಂದಕ್ಕೆ ಹಾಕುವಂತೆ ಅವನು ಪತ್ರ ಬರೆಯುತ್ತಾನೆ. ಕಾಗದದಲ್ಲಿ ಇದರ ಹೆಸರು ಅವಧಿ ವಿಸ್ತರಣೆಯ ಕೋರಿಕೆ, ಸೈಟಿನ ಮಾತಿನಲ್ಲಿ ‘ಇಒಟಿ’. ಕೋರಿಕೆ ಎಂದು ಕರೆದರೂ ಇದು ದಯೆ ಬೇಡುವ ಪತ್ರವಲ್ಲ. ದಿನಾಂಕ ಬದಲಾಗದೆ ಕೆಲಸ ತಡವಾದರೆ ಗುತ್ತಿಗೆದಾರ ತಡದ ದಂಡ ಕಟ್ಟಬೇಕಾಗುತ್ತದೆ. ವಾರಕ್ಕೆ ಗುತ್ತಿಗೆ ಮೊತ್ತದ ಶೇಕಡಾ 0.5, ಗರಿಷ್ಠ ಶೇಕಡಾ 5 ಎಂಬ ದರ ಭಾರತದ ಖಾಸಗಿ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಕಾಣುತ್ತದೆ. 3 ಕೋಟಿ ರೂಪಾಯಿಯ ಕೆಲಸಕ್ಕೆ ಆ ಲೆಕ್ಕದಲ್ಲಿ ವಾರಕ್ಕೆ ಒಂದೂವರೆ ಲಕ್ಷ ಆಗುತ್ತದೆ. ಬೇರೆಯವರಿಂದಾದ ತಡಕ್ಕೆ ಆ ಹಣ ತನ್ನ ಬಿಲ್ಲಿನಿಂದ ಕಡಿತವಾಗದಂತೆ ನೋಡಿಕೊಳ್ಳುವುದೇ ಈ ಪತ್ರದ ಮೊದಲ ಕೆಲಸ.

ಉಪಗುತ್ತಿಗೆದಾರನ ಸ್ಥಿತಿ ಇನ್ನೂ ಬಿಗಿ. ಡ್ರಾಯಿಂಗ್ ಬದಲಿಸುವವರು ಮಾಲೀಕರ ಸಲಹೆಗಾರರು, ಆದರೆ ಅವನ ಒಪ್ಪಂದ ಇರುವುದು ಮುಖ್ಯ ಗುತ್ತಿಗೆದಾರನ ಜೊತೆ ಮಾತ್ರ. ಆದ್ದರಿಂದ ಪತ್ರ ಮುಖ್ಯ ಗುತ್ತಿಗೆದಾರನಿಗೇ ಹೋಗಬೇಕು, ಅವನು ಅದನ್ನು ತನ್ನ ಕೋರಿಕೆಯಾಗಿ ಮಾಲೀಕರ ಮುಂದಿಡಬೇಕು. ಮೇಲಿನವನಿಗೂ ಗಡುವು ಇರುವುದರಿಂದ ಕೆಳಗಿನವನ ಗಡುವನ್ನು ಇನ್ನಷ್ಟು ಚಿಕ್ಕದಾಗಿ ಬರೆದಿರುತ್ತಾರೆ.

ಹವಾನಿಯಂತ್ರಣದ ಚಿಲ್ಲರ್, ಪಂಪು ಮತ್ತು ದಪ್ಪ ಕೊಳವೆಗಳು ಸೇರುವ ಪ್ಲಾಂಟ್ ರೂಮಿನಲ್ಲಿ ವಿನ್ಯಾಸದ ಬದಲಾವಣೆ ಹೆಚ್ಚು ದುಬಾರಿಯಾಗುತ್ತದೆ. ಕಚೇರಿ ಮಹಡಿಯೊಂದರಲ್ಲಿ ಗೋಡೆ ಒಂದು ಮೀಟರ್ ಸರಿದರೆ ಗಾಳಿಯ ಡಕ್ಟನ್ನು ಸ್ವಲ್ಪ ತಿರುಗಿಸಿದರೆ ಸಾಕು. ಪ್ಲಾಂಟ್ ರೂಮಿನಲ್ಲಿ ಹಾಗಾಗುವುದಿಲ್ಲ. ನೀರಿನಿಂದ ತಣಿಯುವ ಚಿಲ್ಲರಿನ ಒಳಗಿನ ತಾಮ್ರದ ನಳಿಗೆಗಳನ್ನು ಮುಂದೊಂದು ದಿನ ಹೊರಗೆಳೆಯಬೇಕಾಗುತ್ತದೆ, ಅದಕ್ಕಾಗಿ ಯಂತ್ರದ ಒಂದು ತುದಿಯಲ್ಲಿ ಹೆಚ್ಚುಕಡಿಮೆ ಯಂತ್ರದಷ್ಟೇ ಉದ್ದದ ಜಾಗ ಖಾಲಿ ಇರಬೇಕು. ಪಂಪಿನೊಳಗೆ ನೀರು ಸುಳಿಯಿಲ್ಲದೆ ಸೇರಲು ಅದರ ಮುಂದೆ ಕೊಳವೆ ಸ್ವಲ್ಪ ದೂರ ನೇರವಾಗಿರಬೇಕು. ಪ್ರತಿ ಯಂತ್ರಕ್ಕೂ ಅಳತೆಗೆ ತಕ್ಕ ಕಾಂಕ್ರೀಟ್ ಪೀಠ ಬೇಕು. ಒಂದು ಗೋಡೆ ಕದಲಿದರೆ ಪೀಠವೂ ಪಂಪೂ ಕೊಳವೆಯೂ ಒಟ್ಟಿಗೆ ಕದಲುತ್ತವೆ.

ಬೆಂಗಳೂರಿನಂಥ ನಗರದ ಒಂದು ಕಚೇರಿ ಕಟ್ಟಡವನ್ನು ಮಾದರಿಯಾಗಿ ಕಲ್ಪಿಸಿಕೊಳ್ಳಬಹುದು. ನೆಲಮಾಳಿಗೆಯಲ್ಲಿ 400 ಟನ್ನಿನ ಎರಡು ಚಿಲ್ಲರ್, ಅವುಗಳ ಪಂಪುಗಳು, 300 ಮಿಲಿಮೀಟರ್ ವ್ಯಾಸದ ಮುಖ್ಯ ಕೊಳವೆ ಅಂದರೆ ಹೆಡರ್. ಹವಾನಿಯಂತ್ರಣದ ಉಪಗುತ್ತಿಗೆದಾರ ಜುಲೈ 31ಕ್ಕೆ ಕೆಲಸ ಮುಗಿಸಬೇಕು. ಎರಡನೇ ಪರಿಷ್ಕರಣೆಯ ಡ್ರಾಯಿಂಗ್ ‘ಕಟ್ಟಲು ಸಿದ್ಧ’ ಎಂಬ ಮುದ್ರೆಯೊಂದಿಗೆ ಬಂದಿದೆ, ಅದರಂತೆ ಪೀಠಗಳನ್ನು ಹಾಕಲಾಗಿದೆ, ಏಪ್ರಿಲ್ 12ರಂದು ಯಂತ್ರ ಕೂರಿಸಬೇಕು. ಏಪ್ರಿಲ್ 4ರಂದು ಮೂರನೇ ಪರಿಷ್ಕರಣೆ ಬರುತ್ತದೆ. ಪಕ್ಕದ ಟ್ರಾನ್ಸ್‌ಫಾರ್ಮರ್ ಕೋಣೆಗೆ ಜಾಗ ಸಾಲದೆ ನಡುಗೋಡೆ 1.2 ಮೀಟರ್ ಈಚೆಗೆ ಬಂದಿದೆ, ಪಂಪುಗಳು ಎದುರು ಬದಿಗೆ ಹೋಗಿವೆ, ಚಿಲ್ಲರುಗಳು ಪಕ್ಕಕ್ಕೆ ಸರಿದಿವೆ.

ಆ ದಿನದಿಂದಲೇ ಗಡುವಿನ ಎಣಿಕೆ ಶುರು. ಕೇಂದ್ರ ಲೋಕೋಪಯೋಗಿ ಇಲಾಖೆಯ ಸಾಮಾನ್ಯ ಷರತ್ತುಗಳ 5ನೇ ಕಲಮು, ಅಡ್ಡಿ ಉಂಟಾದ 14 ದಿನದೊಳಗೆ ಲಿಖಿತವಾಗಿ ಅವಧಿ ಕೇಳಬೇಕೆನ್ನುತ್ತದೆ. ಸಲಹಾ ಇಂಜಿನಿಯರುಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ಫಿಡಿಕ್ 1999ರಲ್ಲಿ ಹೊರತಂದ ಒಪ್ಪಂದದ ಮಾದರಿ ಮುಖ್ಯ ಗುತ್ತಿಗೆದಾರನಿಗೆ ನೋಟಿಸ್ ಕೊಡಲು 28 ದಿನ, ವಿವರ ಸಲ್ಲಿಸಲು 42 ದಿನ ಕೊಡುತ್ತದೆ, ಎರಡೂ ವಿಷಯ ತಿಳಿದ ದಿನದಿಂದ. ನಮ್ಮ ಮಾದರಿಯ ಉಪಗುತ್ತಿಗೆಯಲ್ಲಿ ನೋಟಿಸಿಗೆ 14 ದಿನ, ಅದಾದ 28 ದಿನದೊಳಗೆ ವಿವರ ಎಂದಿರಲಿ. ಇಲ್ಲಿಯೇ ಹೆಚ್ಚಿನವರು ಸೋಲುವುದು. ಎಷ್ಟು ದಿನ ತಡವಾಗುತ್ತದೋ ಗೊತ್ತಾಗಲಿ, ಆಮೇಲೆ ಬರೆಯೋಣ ಎಂದು ಕಾಯುತ್ತಾರೆ. ನೋಟಿಸಿಗೆ ದಿನಗಳ ಲೆಕ್ಕ ಬೇಕಿಲ್ಲ. ಇಂಥ ಡ್ರಾಯಿಂಗ್ ಇಂಥ ದಿನ ಕೈಸೇರಿದೆ, ಇದರಿಂದ ಮುಗಿಯುವ ದಿನಾಂಕಕ್ಕೆ ಧಕ್ಕೆಯಾಗುವ ಸಂಭವವಿದೆ, ಇಂಥ ಕಲಮಿನಡಿ ಇದು ನೋಟಿಸ್, ವಿವರ ನಂತರ ಬರುತ್ತದೆ ಎಂಬ ನಾಲ್ಕು ಸಾಲು ಸಾಕು. ಮಾದರಿಯಲ್ಲಿ ಅದು ಏಪ್ರಿಲ್ 9ರಂದು ಹೋಗಿದೆ.

ವಿವರದ ಪತ್ರ ಬರೆಯುವಾಗ ಮೊದಲು ತೋರಿಸಬೇಕಾದದ್ದು ಬದಲಾವಣೆ ಆಗಿದೆ ಎಂಬುದನ್ನು. ವಿನ್ಯಾಸ ಬೆಳೆಯುವಾಗ ಇಂಥವು ಸಹಜ, ಇದನ್ನು ನೀವೇ ಊಹಿಸಬೇಕಿತ್ತು ಎಂಬ ಉತ್ತರ ಬಂದೇ ಬರುತ್ತದೆ. ಅದಕ್ಕೆ ಎದುರುತ್ತರ ಡ್ರಾಯಿಂಗಿನಲ್ಲೇ ಇದೆ. ಹಿಂದಿನ ಪರಿಷ್ಕರಣೆಯ ಮೇಲೆ ‘ಕಟ್ಟಲು ಸಿದ್ಧ’ ಎಂಬ ಮುದ್ರೆ, ಹೊಸದರಲ್ಲಿ ಬದಲಾದ ಜಾಗವನ್ನು ಸುತ್ತುವರಿದ ಮೋಡದಾಕಾರದ ಗೆರೆ, ಮೂಲೆಯ ಪಟ್ಟಿಯಲ್ಲಿ ಪರಿಷ್ಕರಣೆಯ ಕಾರಣ, ಡ್ರಾಯಿಂಗ್ ಕಳಿಸಿದ ಪತ್ರದ ದಿನಾಂಕ. ಇವುಗಳ ಜೊತೆಗೆ ಆಗಲೇ ಹಾಕಿದ್ದ ಪೀಠಗಳ ಮತ್ತು ಬೆಸುಗೆಯಾಗಿದ್ದ ಕೊಳವೆಗಳ ದಿನಾಂಕವಿರುವ ಫೋಟೊ ಇರಬೇಕು. ಸೈಟಿನಲ್ಲಿ ಬಾಯಿಮಾತಿನಲ್ಲಿ ಬಂದ ಸೂಚನೆಯನ್ನು ಅದೇ ದಿನ ಇ-ಮೇಲಿನಲ್ಲಿ ಬರೆದು ಖಚಿತಪಡಿಸಿಕೊಂಡಿರಬೇಕು. ಸಭೆಯ ನಡಾವಳಿಯಲ್ಲಿ ‘ಯಾರದೂ ಆಕ್ಷೇಪವಿಲ್ಲ’ ಎಂದು ದಾಖಲಾಗಿ, ಅದನ್ನು ಉಪಗುತ್ತಿಗೆದಾರ ತಿದ್ದಿಸದೆ ಬಿಟ್ಟಿದ್ದರೆ, ಎಷ್ಟು ಒಳ್ಳೆಯ ಪತ್ರವೂ ಅಲ್ಲಿ ಎಡವುತ್ತದೆ.

ಎರಡನೆಯದು, ಬದಲಾವಣೆಯಿಂದ ದಿನಾಂಕದವರೆಗೆ ಹೋಗುವ ಸರಪಳಿ. ಮಾದರಿಯಲ್ಲಿ ಕಾರ್ಯನಿರ್ವಹಣೆಯ ಡ್ರಾಯಿಂಗ್ ಮತ್ತೆ ಬರೆಯಲು 8 ದಿನ ಹಿಡಿದು ಏಪ್ರಿಲ್ 12 ಆಯಿತು. ಸಲಹೆಗಾರರ ಅನುಮೋದನೆಗೆ 10 ದಿನ, ಒಪ್ಪಂದದಲ್ಲಿ ಅದಕ್ಕೆ ಇದ್ದದ್ದು 7 ದಿನ ಮಾತ್ರ. ಅನುಮೋದನೆ ಬಂದದ್ದು ಏಪ್ರಿಲ್ 22ಕ್ಕೆ. ಹಳೆಯ ಪೀಠ ಒಡೆದು ಹೊಸದು ಹಾಕಲು ಮುಖ್ಯ ಗುತ್ತಿಗೆದಾರ ತೆಗೆದುಕೊಂಡದ್ದು 6 ದಿನ, ಭಾರ ಹೊರುವಷ್ಟು ಕಾಂಕ್ರೀಟ್ ಗಟ್ಟಿಯಾಗಲು ಮತ್ತೆ 7 ದಿನ. ಮೇ 5ಕ್ಕೆ ಪೀಠ ಸಿದ್ಧ. ಇದೇ ಸಮಯದಲ್ಲಿ ಹೆಡರನ್ನು ಕತ್ತರಿಸಿ ಹೊಸ ಅಳತೆಗೆ ಬೆಸೆಯಲು 9 ದಿನ ಬೇಕಾಯಿತು.

ಈ ಐದೂ ಅಂಕಿಗಳನ್ನು ಕೂಡಿ 40 ದಿನ ಕೇಳುವುದು ಬಹಳ ಸಾಮಾನ್ಯ ತಪ್ಪು. ಹೆಡರಿನ ಕೆಲಸ ನಡೆದದ್ದು ಪೀಠದ ಕೆಲಸದ ಜೊತೆಜೊತೆಗೇ, ಅದು ಬೇರೆಯಾಗಿ ಒಂದು ದಿನವನ್ನೂ ತಿಂದಿಲ್ಲ. ಯಂತ್ರ ಕೂರಬೇಕಿದ್ದ ದಿನ ಏಪ್ರಿಲ್ 12, ಕೂರಲು ಸಾಧ್ಯವಾದ ದಿನ ಮೇ 5. ಅಂತರ 23 ದಿನ. ಅದೂ ಹಾಗೇ ಮುಗಿಯುವ ದಿನಾಂಕಕ್ಕೆ ಹೋಗುವುದಿಲ್ಲ. ಒಪ್ಪಿದ ವೇಳಾಪಟ್ಟಿಯಲ್ಲಿ ಕೊಳವೆಗಳ ನಿರೋಧಕ ಹೊದಿಕೆಗೂ ಯಂತ್ರ ಚಾಲನೆಯ ಪರೀಕ್ಷೆಗೂ ನಡುವೆ 3 ದಿನ ಬಿಡುವು ಇತ್ತು. ಇಂಥ ಬಿಡುವನ್ನು ‘ಫ್ಲೋಟ್’ ಎನ್ನುತ್ತಾರೆ. ಅದು ಯಾರಿಗೆ ಸೇರಿದ್ದು ಎಂದು ಒಪ್ಪಂದ ಹೇಳದಿದ್ದರೆ ಮೊದಲು ಬೇಕಾದವರು ಬಳಸಿಕೊಳ್ಳುತ್ತಾರೆ ಎಂಬುದೇ ಇಂಗ್ಲೆಂಡಿನ ಸೊಸೈಟಿ ಆಫ್ ಕನ್‌ಸ್ಟ್ರಕ್ಷನ್ ಲಾ 2002ರಲ್ಲಿ ಹೊರಡಿಸಿ 2017ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ನಿಲುವು. ಹಾಗಾಗಿ ನ್ಯಾಯವಾದ ಕೋರಿಕೆ 20 ದಿನ, ಹೊಸ ದಿನಾಂಕ ಆಗಸ್ಟ್ 20. 40 ಕೇಳಿ 20ಕ್ಕೆ ಇಳಿಯುವವನಿಗಿಂತ ಲೆಕ್ಕ ತೋರಿಸಿ 20 ಕೇಳುವವನ ಮಾತಿಗೆ ತೂಕ ಹೆಚ್ಚು. ಒಂದು ಅಂಕಿ ಹುಸಿ ಎಂದು ಗೊತ್ತಾದರೆ ಓದುವವರು ಉಳಿದವನ್ನೂ ನಂಬುವುದಿಲ್ಲ.

ಉಪಗುತ್ತಿಗೆದಾರನಿಗೆ ಮುಜುಗರ ತರುವ ಒಂದು ಸಂಗತಿಯೂ ಈ ಮಾದರಿಯಲ್ಲಿದೆ. ಏಪ್ರಿಲ್ 12ಕ್ಕೆ ಬರಬೇಕಿದ್ದ ಚಿಲ್ಲರುಗಳು ಕಾರ್ಖಾನೆಯಿಂದ ಬಂದದ್ದು ಏಪ್ರಿಲ್ 24ಕ್ಕೆ. ಈ 12 ದಿನದ ತಡ ಅವನದೇ. ಅದನ್ನು ಮುಚ್ಚಿಟ್ಟರೂ ಗೇಟಿನ ರಿಜಿಸ್ಟರಿನಲ್ಲಿ ಲಾರಿಯ ದಿನಾಂಕ ಇದ್ದೇ ಇರುತ್ತದೆ. ತಾನೇ ಹೇಳಿ, ಏಪ್ರಿಲ್ 24ರಂದು ಯಂತ್ರ ಬಂದಾಗಲೂ ಪೀಠವಿರಲಿಲ್ಲ, ಮೇ 5ರವರೆಗೂ ಇರಲಿಲ್ಲ, ಆದ್ದರಿಂದ ಈ ತಡದಿಂದ ಮುಗಿಯುವ ದಿನಾಂಕ ಕದಲಲಿಲ್ಲ ಎಂದು ವಾದಿಸುವುದೇ ಸರಿಯಾದ ದಾರಿ. ಹೀಗೆ ಎರಡು ತಡಗಳು ಒಂದರ ಮೇಲೊಂದು ಬಿದ್ದಾಗ ದಿನ ಸಿಗಬೇಕು, ಆದರೆ ಗುತ್ತಿಗೆದಾರನ ತಡದಿಂದಲೂ ಆಗುತ್ತಿದ್ದ ಖರ್ಚು ಸಿಗಬಾರದು ಎಂಬುದು ಮೇಲೆ ಹೇಳಿದ ಮಾರ್ಗಸೂಚಿಯ ಸಲಹೆ. ಈ ಕಾರಣಕ್ಕೇ ದಿನದ ಕೋರಿಕೆ ಮತ್ತು ಹಣದ ಕೋರಿಕೆಯನ್ನು ಬೇರೆ ಬೇರೆ ಭಾಗಗಳಲ್ಲಿ ಬರೆಯುತ್ತಾರೆ. ವ್ಯರ್ಥವಾದ ಹೆಡರಿನ ಬೆಲೆ ಬದಲಾವಣೆಯ ನೇರ ಖರ್ಚು, ಅದಕ್ಕೆ ಈ ಗೋಜಲು ಅಂಟುವುದಿಲ್ಲ. ಮೇಲ್ವಿಚಾರಕರ ಸಂಬಳ, ಬಾಡಿಗೆಯಂಥ ದಿನವಹಿ ಖರ್ಚಿನ ಮೇಲೆ ಮಾತ್ರ ವಿವಾದ ಬರುತ್ತದೆ.

ತಡ ತಗ್ಗಿಸಲು ಏನು ಮಾಡಿದೆ ಎಂಬುದಕ್ಕೂ ಪತ್ರದಲ್ಲಿ ಒಂದು ಪ್ಯಾರಾ ಬೇಕು. ಪ್ಲಾಂಟ್ ರೂಮು ಸಿಗದ ದಿನಗಳಲ್ಲಿ ಬೆಸುಗೆಯವರನ್ನು ಮೇಲಿನ ಮಹಡಿಗಳ ಕೊಳವೆ ಕೆಲಸಕ್ಕೆ ಹಾಕಿದ್ದು, ಅನುಮೋದನೆಗಾಗಿ ಎರಡು ಬಾರಿ ನೆನಪಿಸಿದ್ದು, ಇವು ದಿನಾಂಕದೊಂದಿಗೆ ಇರಲಿ. ಆದರೆ ಸ್ವಂತ ಖರ್ಚಿನಲ್ಲಿ ರಾತ್ರಿ ಪಾಳಿ ನಡೆಸಿ ತಡವನ್ನು ಪೂರ್ತಿ ತುಂಬಿಕೊಡುವ ಹೊಣೆ ಅವನದಲ್ಲ. ಅದು ಬೇಕಿದ್ದರೆ ಮುಖ್ಯ ಗುತ್ತಿಗೆದಾರ ಬೇರೆಯಾಗಿ ಆದೇಶಿಸಿ ಹಣ ಕೊಡಬೇಕು.

ಇಷ್ಟನ್ನೂ ಹೊತ್ತ ಪತ್ರ ಎರಡು ಪುಟ ದಾಟಬೇಕಿಲ್ಲ, ದಾಖಲೆಗಳು ಅನುಬಂಧವಾಗಿ ಹೋಗುತ್ತವೆ. ಅದರ ತಿರುಳು ಹೀಗಿರಬಹುದು: “ಏಪ್ರಿಲ್ 4ರಂದು ನಮಗೆ ತಲುಪಿದ ಮೂರನೇ ಪರಿಷ್ಕರಣೆಯಿಂದ ಪಂಪು ಮತ್ತು ಚಿಲ್ಲರ್ ಪೀಠಗಳ ಸ್ಥಾನ ಬದಲಾಗಿದೆ. ಏಪ್ರಿಲ್ 12ರಂದು ದೊರೆಯಬೇಕಿದ್ದ ಪೀಠಗಳು ಮೇ 5ರಂದು ದೊರೆತಿವೆ. ವೇಳಾಪಟ್ಟಿಯಲ್ಲಿದ್ದ 3 ದಿನಗಳ ಬಿಡುವನ್ನು ಕಳೆದು, ಮುಗಿಸುವ ದಿನಾಂಕವನ್ನು 20 ದಿನ ವಿಸ್ತರಿಸಿ ಆಗಸ್ಟ್ 20 ಎಂದು ನಿಗದಿಪಡಿಸಬೇಕಾಗಿ ಕೋರುತ್ತೇವೆ. ಖರ್ಚಿನ ಕೋರಿಕೆಯನ್ನು ಪ್ರತ್ಯೇಕವಾಗಿ ಸಲ್ಲಿಸುವ ಹಕ್ಕನ್ನು ಉಳಿಸಿಕೊಂಡಿದ್ದೇವೆ.” ಏಪ್ರಿಲ್ 9ರ ನೋಟಿಸಿನಿಂದ 28 ದಿನ ಎಂದರೆ ಮೇ 7. ಆ ದಿನ ಮುಗಿಯುವುದರೊಳಗೆ ಇದು ಸ್ವೀಕೃತಿಯೊಂದಿಗೆ ತಲುಪಿರಬೇಕು.

ಉತ್ತರ ಬಂದಾಗ ದಿನಗಳ ಸಂಖ್ಯೆಯನ್ನಷ್ಟೇ ನೋಡಿ ಸಮಾಧಾನಪಡುವಂತಿಲ್ಲ. ಭಾರತೀಯ ಒಪ್ಪಂದ ಕಾಯ್ದೆ, 1872ರ 55ನೇ ಕಲಮಿನ ಪ್ರಕಾರ, ಸಮಯವೇ ಮುಖ್ಯವಾದ ಒಪ್ಪಂದದಲ್ಲಿ ಗಡುವು ಮೀರಿದ ಕೆಲಸವನ್ನು ಸ್ವೀಕರಿಸಿದವನು, ಪರಿಹಾರ ಕೇಳುವ ಉದ್ದೇಶವನ್ನು ಆ ಸ್ವೀಕಾರದ ಹೊತ್ತಿಗೇ ತಿಳಿಸದಿದ್ದರೆ ಆಮೇಲೆ ಕೇಳುವಂತಿಲ್ಲ. ಅದಕ್ಕಾಗಿಯೇ ವಿಸ್ತರಣೆಯ ಪತ್ರಗಳಲ್ಲಿ ‘ತಡದ ದಂಡ ವಿಧಿಸುವ ನಮ್ಮ ಹಕ್ಕಿಗೆ ಬಾಧಕವಿಲ್ಲದಂತೆ’ ಎಂಬ ಸಾಲು ಸೇರಿರುತ್ತದೆ. ಆ ಸಾಲಿದ್ದರೆ ದಿನ ಸಿಕ್ಕರೂ ದಂಡದ ಪ್ರಶ್ನೆ ತೆರೆದೇ ಇರುತ್ತದೆ. ಇನ್ನು ಕೆಲವು ಪತ್ರಗಳು ಈ ವಿಸ್ತರಣೆಗೆ ಪ್ರತಿಯಾಗಿ ಬೇರಾವ ಕೋರಿಕೆಯೂ ಇಲ್ಲವೆಂದು ಒಪ್ಪಿ ಸಹಿ ಹಾಕಲು ಹೇಳುತ್ತವೆ. ಸಹಿ ಬಿದ್ದರೆ ಹೆಡರಿನ ಹಣ ಕೇಳಲು ಬಾಯಿಲ್ಲದಂತಾಗುತ್ತದೆ. ಉಪಗುತ್ತಿಗೆದಾರ ದಿನಗಳನ್ನು ಸ್ವೀಕರಿಸಿ, ಈ ಎರಡು ಸಾಲುಗಳಿಗೆ ಒಪ್ಪಿಗೆಯಿಲ್ಲವೆಂದು ಕೂಡಲೇ ಮರುಪತ್ರ ಬರೆದು, ಪರಿಷ್ಕೃತ ವೇಳಾಪಟ್ಟಿಯನ್ನು ಅದರ ಜೊತೆಗೇ ಲಗತ್ತಿಸುತ್ತಾನೆ.